ದಿನಕ್ಕೆ ಹದಿನೆಂಟೂವರೆ ಪೈಸೆ

ಹದಿನೆಂಟೂವರೆ ಪೈಸೆಗೆ ಈಗ ಬೆಂಕಿಪೊಟ್ಟಣದ ಒಂದೆರಡು ಕಡ್ಡಿಯೂ ಸಿಗಲಾರದು. ಅಷ್ಟು ಬೆಲೆಯ ನಾಣ್ಯ ಎಂದೂ ಇರಲಿಲ್ಲ, ಅದಕ್ಕೆ ಹತ್ತಿರದ 25 ಪೈಸೆಯ ನಾಣ್ಯವೂ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಆದರೂ ಆ ಮೊತ್ತ ಸರ್ಕಾರದ ಲೆಕ್ಕದಲ್ಲಿ ಜೀವಂತವಾಗಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸ ಮಾಡಿದವರ ಒಂದು ದಿನದ ಪಗಾರ ಒಂದು ದಿನ ತಡವಾದರೆ, ಅವರಿಗೆ ಸಲ್ಲಬೇಕಾದ ಪರಿಹಾರ ಇಷ್ಟೇ.

ಲೆಕ್ಕ ಹೀಗಿದೆ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 2005ರ ಕಾಯ್ದೆಯ ಪ್ರಕಾರ ಕೂಲಿ ವಾರಕ್ಕೊಮ್ಮೆ ಆಗಬೇಕು, ಏನೇ ಆದರೂ ಹದಿನೈದು ದಿನ ದಾಟಬಾರದು. ದಾಟಿದರೆ, ಹಾಜರಿ ಪಟ್ಟಿ ಮುಗಿದ ಹದಿನಾರನೇ ದಿನದಿಂದ, ಬಾಕಿ ಇರುವ ಕೂಲಿಯ ಮೇಲೆ ದಿನಕ್ಕೆ ಶೇ 0.05ರಂತೆ ಪರಿಹಾರ ಕೂಡುತ್ತ ಹೋಗಬೇಕು. 370ಕ್ಕೆ ಶೇ 0.05 ಅಂದರೆ ಹದಿನೆಂಟೂವರೆ ಪೈಸೆ. ವಾರಕ್ಕೆ ಆರು ದಿನ ದುಡಿದವಳ ಪಗಾರ 2,220 ರೂಪಾಯಿ. ಅದು ತಡವಾದ ಒಂದೊಂದು ದಿನಕ್ಕೆ 1 ರೂಪಾಯಿ 11 ಪೈಸೆ.

ವರ್ಷದ ಬಡ್ಡಿಗೆ ಹೊಂದಿಸಿ ನೋಡಿದರೆ ಇದು ಶೇ 18.25 ಆಗುತ್ತದೆ. ಕಾಗದದ ಮೇಲೆ ಕಡಿಮೆಯೇನಲ್ಲ, ಯಾವ ಬ್ಯಾಂಕಿನ ಠೇವಣಿಗೂ ಇಷ್ಟು ಸಿಗುವುದಿಲ್ಲ. ಆದರೆ ಕೂಲಿಯವಳು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಕೂತಿಲ್ಲ. ಪಗಾರ ಬರುವ ತನಕ ಸಂತೆ ನಡೆಯಬೇಕು. ಅದಕ್ಕಾಗಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಕೈಸಾಲ ತಂದರೆ ವರ್ಷಕ್ಕೆ ಶೇ 36. ಸರ್ಕಾರ ಅವಳಿಗೆ ಕೊಡಬೇಕಾದ ಬಡ್ಡಿಯ ಹೆಚ್ಚುಕಡಿಮೆ ಎರಡು ಪಟ್ಟನ್ನು ಅವಳು ಸಾಹುಕಾರನಿಗೆ ಕೊಡುತ್ತಾಳೆ. ಸರ್ಕಾರದ ಪರಿಹಾರ ಬೆಳೆದು ಬೆಳೆದು ಮೂಲ ಕೂಲಿಯಷ್ಟಾಗಲು 2,000 ದಿನ ಬೇಕು. ಅಂದರೆ ಐದೂವರೆ ವರ್ಷ. ಅಷ್ಟರಲ್ಲಿ ಗ್ರಾಮ ಪಂಚಾಯತಿಯ ಒಂದು ಅವಧಿಯೇ ಮುಗಿದು ಹೊಸ ಚುನಾವಣೆ ನಡೆದಿರುತ್ತದೆ.

ಇನ್ನೊಂದು ಭಾಗಾಕಾರ ಮಾಡಿದಾಗ ನಾನು ಪೆನ್ನು ಕೆಳಗಿಟ್ಟೆ. ಪಗಾರ ಏನಾಯಿತೆಂದು ಕೇಳಲು ತಾಲ್ಲೂಕು ಪಂಚಾಯತಿಗೆ ಒಮ್ಮೆ ಹೋಗಿ ಬಂದರೆ ಒಂದು ದಿನದ ದುಡಿಮೆ ಹೋಯಿತು. ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿ ಇರಬಹುದು, ದಿನ ಬಿಟ್ಟಿಯಲ್ಲ. ಆ 370 ರೂಪಾಯಿಯನ್ನು 1 ರೂಪಾಯಿ 11 ಪೈಸೆಯಿಂದ ಭಾಗಿಸಿದರೆ 333 ಬರುತ್ತದೆ. ಒಂದು ಸಲ ಕಚೇರಿಗೆ ಹೋಗಿ ಬಂದ ನಷ್ಟ ತುಂಬಬೇಕಾದರೆ ಅವಳ ವಾರದ ಪಗಾರ 333 ದಿನ ತಡವಾಗಬೇಕು!

ಈಗ ಇದೇ ಪೈಸೆಯನ್ನು ಮೇಲಿನಿಂದ ನೋಡೋಣ. ಕರ್ನಾಟಕದಲ್ಲಿ ಕೆಲವು ವರ್ಷಗಳಿಂದ ವರ್ಷಕ್ಕೆ ಸುಮಾರು 13 ಕೋಟಿ ಮಾನವ ದಿನಗಳ ಗುರಿ ಇಟ್ಟುಕೊಳ್ಳಲಾಗಿತ್ತು. ಒಬ್ಬ ವ್ಯಕ್ತಿ ಒಂದು ದಿನ ದುಡಿದರೆ ಒಂದು ಮಾನವ ದಿನ. ಅಷ್ಟನ್ನೂ ಒಬ್ಬನೇ ರಜೆಯಿಲ್ಲದೆ ದುಡಿಯಲು ಹೊರಟರೆ ಮೂರೂವರೆ ಲಕ್ಷ ವರ್ಷ ಹಿಡಿಯುತ್ತದೆ. ಕೊರೊನಾದ 2020-21ರಲ್ಲಿ ಇಡೀ ದೇಶದ ಲೆಕ್ಕ 389 ಕೋಟಿ ಮಾನವ ದಿನ ಮುಟ್ಟಿತು. ಆ ಒಬ್ಬಂಟಿ ಕೂಲಿಗೆ ಅದು ಒಂದು ಕೋಟಿ ವರ್ಷಕ್ಕೂ ಮಿಕ್ಕಿದ ಕೆಲಸ. ಕರ್ನಾಟಕದ 13 ಕೋಟಿ ದಿನಗಳನ್ನು 52 ವಾರಕ್ಕೆ ಹಂಚಿದರೆ ವಾರಕ್ಕೆ 25 ಲಕ್ಷ ದಿನ, ಕೂಲಿ 92 ಕೋಟಿ 50 ಲಕ್ಷ ರೂಪಾಯಿ. ಒಂದೇ ವಾರದ ಈ ಹಣ ಒಂದೇ ದಿನ ತಡವಾದರೂ ಪರಿಹಾರ 4 ಲಕ್ಷ 62 ಸಾವಿರ ರೂಪಾಯಿ ಆಗುತ್ತದೆ. ಕೆಳಗೆ ಅದು ಯಾರೂ ಕೇಳಲು ಹೋಗದಷ್ಟು ಸಣ್ಣದು, ಮೇಲೆ ಯಾರೂ ಸುಲಭವಾಗಿ ಒಪ್ಪಿಕೊಳ್ಳದಷ್ಟು ದೊಡ್ಡದು. ಪರಿಹಾರದ ಹಣ ಕೈಗೆ ಬಂದವರು ಯಾಕೆ ಅಪರೂಪ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಪಗಾರದ ಹಿಂದಿರುವ ಮಣ್ಣನ್ನೂ ಒಮ್ಮೆ ತೂಗಬೇಕು. ಕೃಷ್ಣೆ, ಘಟಪ್ರಭೆಯ ನೀರು ಸಿಕ್ಕ ಜಮಖಂಡಿ-ಮುಧೋಳದ ಭಾಗದಲ್ಲಿ ಕಬ್ಬಿನ ಕಟಾವು ಇರುವ ತನಕ ಕೈಗೆ ಕೆಲಸವಿರುತ್ತದೆ. ಕಾರ್ಖಾನೆಗಳು ನಿಂತು ಬಿಸಿಲು ಏರಿದ ಮೇಲೆ ಏಪ್ರಿಲ್‌ನಿಂದ ಮಳೆ ಬೀಳುವವರೆಗೆ ಖಾತ್ರಿ ಕೆಲಸದ ಕಾಲ. ಹೊಲದ ಬದು, ಕೃಷಿ ಹೊಂಡ, ಕೆರೆಯ ಹೂಳು, ನಾಲಾ. ಮಣ್ಣು ಮೆತ್ತಗಿದ್ದರೆ ಹೆಚ್ಚು, ಗರಸು ಹತ್ತಿದರೆ ಕಡಿಮೆ. ಲೆಕ್ಕಕ್ಕೆಂದು ಒಬ್ಬರಿಗೆ ದಿನಕ್ಕೆ ಒಂದು ಘನ ಮೀಟರ್ ಎಂದು ಹಿಡಿಯೋಣ. ನೆಲದಲ್ಲಿ ಒತ್ತಾಗಿ ಕೂತ ಅಷ್ಟು ಮಣ್ಣು ಒಂದೂವರೆ ಟನ್ನಿಗೆ ಕಡಿಮೆ ತೂಗುವುದಿಲ್ಲ. ಬುಟ್ಟಿಗೆ 15 ಕಿಲೋದಂತೆ ನೂರು ಬುಟ್ಟಿ. ವಾರಕ್ಕೆ ಆರುನೂರು ಬುಟ್ಟಿ, ಒಂಬತ್ತು ಟನ್. ಅದು ಅಗೆದು, ತುಂಬಿ, ಹೊತ್ತು, ಏರಿ ಹತ್ತಿ ಸುರಿದ ಮಣ್ಣು. ಬುಟ್ಟಿಗೆ 3 ರೂಪಾಯಿ 70 ಪೈಸೆ ಬಿದ್ದಂತಾಯಿತು.

ರಬಕವಿ-ಬನಹಟ್ಟಿಯ ಊರೊಳಗಿನ ನೇಕಾರರಿಗೆ ಈ ಬುಟ್ಟಿಯೂ ಇಲ್ಲ. ನಗರಸಭೆ, ಪುರಸಭೆಯ ಹದ್ದಿಯೊಳಗಿನ ಜಾಗ ಈ ಕಾಯ್ದೆಗೆ ಸೇರುವುದಿಲ್ಲ. ಮಗ್ಗ ನಿಂತು ಕೆಲಸವಿಲ್ಲದೆ ಕೂತವರಿಗೆ ಉದ್ಯೋಗ ಚೀಟಿ ಸಿಗದು, ಹದ್ದಿನ ಕಲ್ಲು ದಾಟಿದ ಮರುಹಳ್ಳಿಯವರಿಗೆ ಸಿಗುತ್ತದೆ.

ಪಗಾರ ತಡವಾದವರು ಪಂಚಾಯತಿಗೆ ಹೋದಾಗ ನಡೆಯುವ ಮಾತು ಈ ಸೀಮೆಯಲ್ಲಿ ಬಹುತೇಕ ಒಂದೇ ತರ ಇರುತ್ತದೆ.

“ಸಾಹೇಬ್ರ, ಪಗಾರ ಯಾವಾಗ ಬರತೈತ್ರಿ?”

“ಮ್ಯಾಲಿಂದ ಬಂದಿಲ್ಲವಾ. ಬಂದ ಕೂಡ್ಲೇ ಹಾಕತೀವಿ.”

ಈ ‘ಮ್ಯಾಲಿಂದ’ ಎಂಬ ಉತ್ತರ ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು. ಯಾವಾಗ ಯಾವುದು ಎಂದು ಗೊತ್ತುಮಾಡಿಕೊಳ್ಳಲು ಕೂಲಿ ನಡೆದು ಬರುವ ದಾರಿ ತಿಳಿದಿರಬೇಕು. ವಾರದ ಎನ್‌ಎಂಆರ್, ಅಂದರೆ ಹಾಜರಿ ಪಟ್ಟಿ, ಮುಗಿಯುತ್ತದೆ. ಎಂಜಿನಿಯರ್ ಬಂದು ತೋಡಿದ್ದನ್ನು ಅಳೆದು ಅಳತೆ ಪುಸ್ತಕದಲ್ಲಿ ಬರೆಯಬೇಕು, ಇದಕ್ಕೇ ಎಂ.ಬಿ. ಆಗುವುದು ಎನ್ನುತ್ತಾರೆ. ಅಳತೆಯ ಮೇಲೆ ಕೂಲಿ ಪಟ್ಟಿ, ಅದರ ಮೇಲೆ ಹಣ ವರ್ಗಾವಣೆಯ ಆದೇಶ. ತೆರೆಯ ಮೇಲೆ ಅದರ ಹೆಸರು FTO. ಅದಕ್ಕೆ ಎರಡು ಡಿಜಿಟಲ್ ಸಹಿ ಬೀಳಬೇಕು. ಎರಡನೇ ಸಹಿ ಬೀಳುವ ತನಕದ್ದು ಪಂಚಾಯತಿ, ತಾಲ್ಲೂಕು, ರಾಜ್ಯದ ಪಾಲು. ಇದಕ್ಕೆ ಕೊಟ್ಟ ಗಡುವು 8 ದಿನ. ಸಹಿ ಬಿದ್ದ ಮೇಲೆ ಹಣ ದಿಲ್ಲಿಯ ಕಡೆಯಿಂದ ನೇರ ಕೂಲಿಕಾರರ ಖಾತೆಗೆ ಬರಬೇಕು, ಅದಕ್ಕೆ 7 ದಿನ. ಎರಡೂ ಕೂಡಿ ಹದಿನೈದು.

ಹಾಗಾಗಿ ಕೇಳಬೇಕಾದ್ದು ಪಗಾರ ಯಾವಾಗ ಎಂದಲ್ಲ, ಎರಡನೇ ಸಹಿ ಯಾವತ್ತು ಬಿತ್ತು ಎಂದು. ಅದು ಗುಟ್ಟಿನ ವಿಷಯವೇನಲ್ಲ. ನರೇಗಾದ ಸರ್ಕಾರಿ ತಾಣದಲ್ಲಿ ಪಂಚಾಯತಿಯ ಪುಟ ತೆರೆದು ಉದ್ಯೋಗ ಚೀಟಿಯ ಸಂಖ್ಯೆ ಹಿಡಿದು ಹೋದರೆ ಎನ್‌ಎಂಆರ್ ಸಂಖ್ಯೆ, ಕೂಲಿ ಪಟ್ಟಿ, FTO ಸಂಖ್ಯೆ, ಸಹಿಯ ದಿನಾಂಕ ಎಲ್ಲವೂ ಇರುತ್ತವೆ. ಓದಲು ಬಾರದವರಿಗೆ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳಿದ್ದರೆ ಸಾಕು. ಸಹಿ ಬಿದ್ದಿಲ್ಲವಾದರೆ ಹಣ ಮೇಲಿಂದ ಬಂದಿಲ್ಲ ಎಂಬ ಮಾತಿಗೆ ಅರ್ಥವಿಲ್ಲ, ಕೆಳಗಿನಿಂದ ಕಾಗದವೇ ಹೋಗಿಲ್ಲ. ಸಹಿ ಬಿದ್ದು ವಾರ ದಾಟಿದ್ದರೆ ಪಂಚಾಯತಿಯವರ ಮಾತು ನಿಜ.

ಮೂರನೆಯದೊಂದಿದೆ, ಹಣ ಹೊರಟು ಮನೆ ಮುಟ್ಟದೇ ಇರುವುದು. 2024ರ ಜನವರಿ 1ರಿಂದ ಕೂಲಿಯನ್ನು ಖಾತೆ ಸಂಖ್ಯೆ ನೋಡಿ ಹಾಕುವುದಿಲ್ಲ, ಆಧಾರ್ ಸಂಖ್ಯೆ ನೋಡಿ ಹಾಕುತ್ತಾರೆ. ಒಬ್ಬರಿಗೆ ಎಷ್ಟೇ ಖಾತೆಗಳಿದ್ದರೂ ಆಧಾರ್ ಕೊನೆಗೆ ಯಾವುದಕ್ಕೆ ಜೋಡಣೆಯಾಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರಕ್ಕೆಂದು ಹೊಸ ಖಾತೆ ತೆಗೆದವಳು ಹಳೆಯ ಪಾಸ್‌ಬುಕ್ ಹಿಡಿದು ಪಗಾರ ಬಂದಿಲ್ಲ ಎಂದು ಅಳುತ್ತಿರಬಹುದು, ಹಣ ಹೊಸ ಖಾತೆಯಲ್ಲಿ ಕೂತಿರುತ್ತದೆ. ಜೋಡಣೆ ಕಡಿದುಹೋಗಿದ್ದರೆ ಆದೇಶ ತಿರಸ್ಕೃತವಾಗಿ ಹಿಂದಕ್ಕೆ ಬರುತ್ತದೆ. ಅದನ್ನು ಸರಿಪಡಿಸಿ ಮತ್ತೆ ಕಳಿಸಬೇಕು, ತಾನಾಗಿ ಮತ್ತೊಮ್ಮೆ ಹೋಗುವುದಿಲ್ಲ. ಇಂಥವರು ವರ್ಷಗಟ್ಟಲೆ ಕಾದರೂ ಹಣ ಬಾರದು. ಅರ್ಜಿ ಬರೆಯುವ ಮೊದಲು ಆಧಾರ್ ಯಾವ ಬ್ಯಾಂಕಿಗೆ ಕೂಡಿದೆ ಎಂದು ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳುವುದು ಇದಕ್ಕಾಗಿ.

ಇನ್ನು ಲೆಕ್ಕದೊಳಗಿನ ಜಾಣತನಕ್ಕೆ ಬರೋಣ. ಕಂಪ್ಯೂಟರ್ ತಾನಾಗಿ ಲೆಕ್ಕ ಹಾಕುವ ಪರಿಹಾರ ಎರಡನೇ ಸಹಿಯವರೆಗಿನ ತಡಕ್ಕೆ ಮಾತ್ರ. ಸಹಿಯ ನಂತರ ಹಣ ಎಷ್ಟು ದಿನ ಮೇಲೆಯೇ ಉಳಿದರೂ ಆ ದಿನಗಳು ಎಣಿಕೆಗೆ ಬಾರವು. ರಾಜೇಂದ್ರನ್ ನಾರಾಯಣನ್, ಸಕೀನಾ ಧೋರಾಜಿವಾಲಾ, ರಾಜೇಶ್ ಗೋಲಾನಿ ಎಂಬ ಮೂವರು ಸಂಶೋಧಕರು 2016-17ರ ಸುಮಾರು 90 ಲಕ್ಷ ಪಾವತಿಗಳನ್ನು ಹತ್ತು ರಾಜ್ಯಗಳಿಂದ ತೆಗೆದು ಒಂದೊಂದಾಗಿ ದಿನ ಎಣಿಸಿದರು. ಹೊತ್ತಿಗೆ ಸರಿಯಾಗಿ ಬಂದದ್ದು ನೂರಕ್ಕೆ 21. ಕೇಂದ್ರದ ಪಾಲಿನ ಹಂತವೊಂದೇ ಸರಾಸರಿ 50 ದಿನಕ್ಕೂ ಹೆಚ್ಚು ತಿಂದಿತ್ತು. ಏಳು ದಿನದ ಜಾಗದಲ್ಲಿ ಐವತ್ತು, ಅದಕ್ಕೆ ಲೆಕ್ಕದಲ್ಲಿ ಪರಿಹಾರ ಸೊನ್ನೆ.

ಈ ಅಂಕಿಗಳ ಜಗಳ ಸುಪ್ರೀಂ ಕೋರ್ಟಿಗೂ ಹೋಯಿತು. ಸ್ವರಾಜ್ ಅಭಿಯಾನ ಹೂಡಿದ್ದ ಮೊಕದ್ದಮೆಯಲ್ಲಿ 2018ರ ಮೇ 18ರಂದು ಕೋರ್ಟು ತೀರ್ಪು ಕೊಟ್ಟಿತು. ಯಾರ ಹಂತದಲ್ಲಿ ತಡವಾಯಿತು ಎಂಬುದು ಕೂಲಿಕಾರರ ತಲೆನೋವಲ್ಲ, ಹಣ ಖಾತೆ ಮುಟ್ಟುವ ದಿನದವರೆಗೂ ಪರಿಹಾರ ಸಲ್ಲಬೇಕು ಎಂಬುದು ಅದರ ಸಾರ. ತೀರ್ಪಿನ ಆಮೇಲೂ ಚಿತ್ರ ಪೂರ್ತಿ ಬದಲಾಗಲಿಲ್ಲ. 2021ರ ಮಾರ್ಚಿನಲ್ಲಿ ಕೇಂದ್ರ ಇನ್ನೊಂದು ವಿಚಿತ್ರ ಮಾಡಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರರು ಎಂದು ಮೂರು ಬೇರೆ ಬೇರೆ ಆದೇಶಗಳಲ್ಲಿ ಕೂಲಿ ಹಾಕಲು ಹೇಳಿತು. ಒಂದೇ ಹೊಂಡದಲ್ಲಿ ಒಬ್ಬರ ಬುಟ್ಟಿಗೆ ಇನ್ನೊಬ್ಬರು ಕೈ ಹಚ್ಚಿ ದುಡಿದವರಿಗೆ ಮೂರು ಬೇರೆ ದಿನ ಪಗಾರ! ಊರಲ್ಲಿ ಜಗಳ ಹಚ್ಚಲು ಇದಕ್ಕಿಂತ ಸಲೀಸಾದ ದಾರಿ ಬೇಕಿರಲಿಲ್ಲ. ಗದ್ದಲವೆದ್ದ ಮೇಲೆ ಅದೇ ವರ್ಷದ ಕೊನೆಗೆ ಅದನ್ನು ಕೈಬಿಟ್ಟರು. ಆ ವರ್ಷ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ 18 ಲಕ್ಷ ಪಾವತಿಗಳನ್ನು ಎಣಿಸಿದವರಿಗೆ ನೂರಕ್ಕೆ 71 ಪಾವತಿಗಳು ಏಳು ದಿನದ ಗಡುವು ದಾಟಿದ್ದು ಕಂಡಿತು.

ಈಗ ಅರ್ಜಿ ಬರೆಯೋಣ. ಉದಾಹರಣೆಗೆ ಬೀಳಗಿ ತಾಲ್ಲೂಕಿನ ಯಾವುದೋ ಹಳ್ಳಿಯ ಒಬ್ಬ ಹೆಣ್ಣುಮಗಳನ್ನು ಇಟ್ಟುಕೊಳ್ಳೋಣ. 2025ರ ಮೇ 5, ಸೋಮವಾರದಿಂದ ಮೇ 10, ಶನಿವಾರದವರೆಗೆ ಆರು ದಿನ ಬದುವಿನ ಕೆಲಸ ಮಾಡಿದ್ದಾಳೆ. ಎನ್‌ಎಂಆರ್ ಮುಗಿದದ್ದು ಮೇ 10. ಎರಡನೇ ಸಹಿ ಮೇ 18ರೊಳಗೆ ಬೀಳಬೇಕಿತ್ತು, ಬಿದ್ದದ್ದು ಮೇ 31. ಹಣ ಮೇ 25ರೊಳಗೆ ಬರಬೇಕಿತ್ತು, ಬಂದದ್ದು ಜೂನ್ 24. ಮೇ 26ರಿಂದ ಎಣಿಸಿದರೆ ತಡ 30 ದಿನ, ಪರಿಹಾರ 33 ರೂಪಾಯಿ 30 ಪೈಸೆ. ಕಂಪ್ಯೂಟರ್ ತೋರಿಸುವುದು ಮೇ 31ರವರೆಗಿನ 6 ದಿನದ್ದು, 6 ರೂಪಾಯಿ 66 ಪೈಸೆ. ಉಳಿದ 24 ದಿನದ 26 ರೂಪಾಯಿ 64 ಪೈಸೆಗೆ ತೆರೆಯ ಮೇಲೆ ಜಾಗವೇ ಇಲ್ಲ.

ಒಬ್ಬಳಿಗೆ ಇದು ಚಹಾದ ಖರ್ಚು. ಆದರೆ ಆ ಎನ್‌ಎಂಆರ್‌ನಲ್ಲಿ ಅವಳೊಬ್ಬಳೇ ಇರಲಿಲ್ಲ. ನಲವತ್ತು ಜನ ಇದ್ದರು ಎನ್ನಿ. ಬಾಕಿ ಕೂಲಿ 88,800 ರೂಪಾಯಿ, ಪರಿಹಾರ 1,332 ರೂಪಾಯಿ. ನಲವತ್ತು ಜನ ಒಬ್ಬೊಬ್ಬರೇ ಒಂದೊಂದು ದಿನ ಕಚೇರಿಗೆ ಅಲೆದಿದ್ದರೆ ಕಳೆದುಕೊಳ್ಳುತ್ತಿದ್ದದ್ದು 14,800 ರೂಪಾಯಿ. ಅದಕ್ಕೇ ಅರ್ಜಿ ಒಂದೇ ಇರಬೇಕು, ಹೆಬ್ಬೆಟ್ಟು ನಲವತ್ತಿರಬೇಕು. ಬೆಳಗಾವಿ ಕಡೆ ಬೆಳೆದ ಗ್ರಾಕೂಸ್, ಅಂದರೆ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ, ಉತ್ತರ ಕರ್ನಾಟಕದ ಕೂಲಿಕಾರರನ್ನು ಗುಂಪು ಕಟ್ಟಿಕೊಂಡು ಪಂಚಾಯತಿಗೆ ಹೋಗುವುದಕ್ಕೆ ರೂಢಿ ಮಾಡಿಸಿದ್ದು ಸುಮ್ಮನೆ ಅಲ್ಲ.

ಅರ್ಜಿಯಲ್ಲಿ ಬಡತನದ ವರ್ಣನೆ ಬೇಡ. ಅದನ್ನು ಬರೆದರೆ ಓದುವವರಿಗೆ ಕನಿಕರ ಹುಟ್ಟಬಹುದು, ಉತ್ತರ ಕೊಡುವ ಹೊಣೆ ಹುಟ್ಟುವುದಿಲ್ಲ. ಜೂನ್ 9ರಂದು, ಹಣ ಇನ್ನೂ ಬಾರದಿರುವಾಗ, ಅವರು ಹೀಗೆ ಬರೆಯಬಹುದಿತ್ತು:

“ಇವರಿಗೆ, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಗ್ರಾಮ ಪಂಚಾಯತಿ. ಪ್ರತಿ: ಕಾರ್ಯನಿರ್ವಾಹಕ ಅಧಿಕಾರಿಗಳು, ತಾಲ್ಲೂಕು ಪಂಚಾಯತಿ, ಬೀಳಗಿ.

ವಿಷಯ: ಬಾಕಿ ಕೂಲಿ ಹಾಗೂ ವಿಳಂಬ ಪರಿಹಾರದ ಕುರಿತು.

ಮಾನ್ಯರೇ, ಕೆಳಗೆ ಸಹಿ ಮಾಡಿದ ನಾವು 40 ಜನ ಕೂಲಿಕಾರರು ದಿನಾಂಕ 5-5-2025ರಿಂದ 10-5-2025ರವರೆಗೆ ಬದು ನಿರ್ಮಾಣದ ಕೆಲಸ ಮಾಡಿರುತ್ತೇವೆ. ಕಾಮಗಾರಿ ಸಂಖ್ಯೆ, ಎನ್‌ಎಂಆರ್ ಸಂಖ್ಯೆ, ನಮ್ಮ ಉದ್ಯೋಗ ಚೀಟಿ ಸಂಖ್ಯೆಗಳನ್ನು ಹಿಂಬದಿಗೆ ಬರೆದಿರುತ್ತೇವೆ. ತಲಾ 2,220 ರೂಪಾಯಿಯಂತೆ ಒಟ್ಟು 88,800 ರೂಪಾಯಿ ಇಂದಿನವರೆಗೆ ಜಮಾ ಆಗಿರುವುದಿಲ್ಲ. ಎರಡನೇ ಸಹಿ 31-5-2025ರಂದು ಆಗಿರುವುದನ್ನು ತಾಣದಲ್ಲಿ ನೋಡಿರುತ್ತೇವೆ. ಎಂ.ಬಿ. ಯಾವ ದಿನ ಆಯಿತು, ತಡಕ್ಕೆ ಕಾರಣವೇನು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಕೂಲಿಯನ್ನೂ, 26-5-2025ರಿಂದ ಹಣ ಜಮಾ ಆಗುವ ದಿನದವರೆಗಿನ ಪರಿಹಾರವನ್ನೂ ಕೊಡಿಸಬೇಕು. ಈ ಅರ್ಜಿಯನ್ನು ದೂರು ಪುಸ್ತಕದಲ್ಲಿ ದಾಖಲು ಮಾಡಿ ಸ್ವೀಕೃತಿ ಕೊಡಬೇಕಾಗಿ ವಿನಂತಿ.”

ಇದರಲ್ಲಿ ಗಟ್ಟಿ ಮಾತು ಕೊನೆಯದು. ತಾಲ್ಲೂಕು ಪಂಚಾಯತಿಯ ಇ.ಒ. ಈ ಯೋಜನೆಯ ಕಾರ್ಯಕ್ರಮ ಅಧಿಕಾರಿಯೂ ಹೌದು. ಕಾಯ್ದೆಯ 23ನೇ ಕಲಂ ಪ್ರಕಾರ ಅವರು ಬಂದ ದೂರನ್ನು ಪುಸ್ತಕಕ್ಕೆ ಏರಿಸಿ ಏಳು ದಿನದೊಳಗೆ ತೀರ್ಮಾನಿಸಬೇಕು. 25ನೇ ಕಲಂ ಪ್ರಕಾರ ಕಾಯ್ದೆ ಮುರಿದವರಿಗೆ ಒಂದು ಸಾವಿರ ರೂಪಾಯಿಯವರೆಗೆ ದಂಡವಿದೆ. ಬಾಯಿಂದ ಕೇಳಿದ್ದಕ್ಕೆ ಈ ಏಳು ದಿನ ಯಾವತ್ತೂ ಶುರುವಾಗುವುದಿಲ್ಲ. ಮೊಹರು ಒತ್ತಿ ದಿನಾಂಕ ಹಾಕಿದ ಪ್ರತಿ ಕೈಯಲ್ಲಿದ್ದರೆ ಮಾತ್ರ ಎಣಿಕೆ ಹಿಡಿಯಬಹುದು. ಸ್ವೀಕೃತಿ ಕೊಡಲು ಒಲ್ಲೆನೆಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು, ಅಂಚೆಯ ರಸೀದಿಯೇ ಸ್ವೀಕೃತಿಯ ಕೆಲಸ ಮಾಡುತ್ತದೆ. ಅದರ ಖರ್ಚು ಒಬ್ಬಳ 33 ರೂಪಾಯಿ ಪರಿಹಾರವನ್ನು ನುಂಗಿಬಿಡಬಹುದು, ನಲವತ್ತು ಜನಕ್ಕೆ ಹಂಚಿದರೆ ರೂಪಾಯಿಗಳ ಮಾತು.

ಅರ್ಜಿಗೆ ಬರಬಹುದಾದ ಉತ್ತರವನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು. ಪರಿಹಾರವನ್ನು ಮಂಜೂರು ಮಾಡುವ ಅಥವಾ ತಿರಸ್ಕರಿಸುವ ಅಧಿಕಾರ ಕಾರ್ಯಕ್ರಮ ಅಧಿಕಾರಿಗೆ ಇದೆ. ಹಣ ಇರಲಿಲ್ಲ, ಪ್ರಕೃತಿ ವಿಕೋಪ, ಪರಿಹಾರ ಸಲ್ಲುವುದಿಲ್ಲ ಎಂಬ ಕಾರಣಗಳಲ್ಲಿ ಒಂದನ್ನು ಹಚ್ಚಿ ತಳ್ಳಿಹಾಕುವುದು ಸುಲಭ. ಮಂಜೂರು ಮಾಡಿದರೆ ತಡಮಾಡಿದ ಸಿಬ್ಬಂದಿಯಿಂದ ಅದನ್ನು ವಸೂಲು ಮಾಡಬಹುದು ಎಂದಿದೆ. ಅಂದರೆ ಮಂಜೂರಾತಿಗೆ ಸಹಿ ಮಾಡುವವರು ತಮ್ಮದೇ ಕಚೇರಿಯ ತಪ್ಪಿಗೆ ಸಹಿ ಮಾಡಿದಂತೆ. ಅದಕ್ಕೇ ಅರ್ಜಿಯಲ್ಲಿ ಎಂ.ಬಿ. ದಿನಾಂಕ ಕೇಳುವುದು. ಅಳತೆ ಮೇ 28ಕ್ಕೆ ಆಗಿದ್ದರೆ ‘ಹಣ ಇರಲಿಲ್ಲ’ ಎಂಬ ಕಾರಣ ಅಲ್ಲಿಗೇ ಬಿದ್ದುಹೋಗುತ್ತದೆ. ಹೊಂಡ ಅಳೆಯುವುದಕ್ಕೆ ಬೇಕಾದದ್ದು ಟೇಪು, ದಿಲ್ಲಿಯ ಹಣವಲ್ಲ.

2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾದ ಜಾಗಕ್ಕೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ನೂರು ದಿನದ ಖಾತ್ರಿ ಅದರಲ್ಲಿ 125 ದಿನವಾಗಿದೆ, ಖರ್ಚಿನಲ್ಲಿ ಬಹುತೇಕ ರಾಜ್ಯಗಳ ಪಾಲು ನೂರಕ್ಕೆ 40ಕ್ಕೆ ಏರಿದೆ. ಮೇಲಿನ ಬದುವಿನ ಕೂಲಿ ಅದಕ್ಕೂ ಹಿಂದಿನದು, ಅದರ ಲೆಕ್ಕ ಹಳೆಯ ಕಾಯ್ದೆಯದೇ.

ಆ ಲೆಕ್ಕದಲ್ಲಿ ಒಂದು ಸಾಲು ಇನ್ನೂ ಬಾಕಿ ಇದೆ. ಪರಿಹಾರ ಮಂಜೂರಾದರೂ ಅದು ಕೈಯಿಂದ ಕೈಗೆ ಬರುವುದಿಲ್ಲ. ಅದಕ್ಕೂ ಆದೇಶ, ಸಹಿ, ಆಧಾರ್ ಎಲ್ಲವೂ ಬೇಕು. ಶೇ 0.05 ಸಲ್ಲುವುದು ಬಾಕಿ ಕೂಲಿಯ ಮೇಲೆ ಮಾತ್ರ, ಪರಿಹಾರ ಕೂಲಿಯಲ್ಲ. ಹಾಗಾಗಿ 33 ರೂಪಾಯಿ 30 ಪೈಸೆ ಇನ್ನೊಂದು ವರ್ಷ ತಡವಾಗಿ ಬಂದರೂ ಅದು 33 ರೂಪಾಯಿ 30 ಪೈಸೆಯೇ.